ಕಬ್ಬಿನ ಬಿಲ್ಲು ಬರುವ ತನಕ

‘ಮಾಲಕ್ರ, ನಮಸ್ಕಾರ್ರಿ. ಈ ವರ್ಷ ಭಾಳ ತೊಂದ್ರಿ ಐತ್ರಿ. ರೈತರು ರೊಕ್ಕ ಕೊಡವಲ್ರು, ಬ್ಯಾಂಕಿನವರು ಮಾತ ಕೇಳವಲ್ರು. ನಿಮ್ಮನ್ನ ಬಿಟ್ರ ನಮಗ ಯಾರೂ ಇಲ್ರಿ. ದಯಮಾಡಿ 30 ದಿವ್ಸದ್ದು 90 ದಿವ್ಸ ಮಾಡಿಕೊಡ್ರಿ. ನಿಮ್ಮ ಉಪಕಾರ ಮರಿಯಂಗಿಲ್ಲ.’

ಶೇಡಬಾಳದಂಥ ಊರಿನ ಗೊಬ್ಬರದ ಅಂಗಡಿಯವರು ಬೆಳಗಾವಿಯ ಸಗಟು ವ್ಯಾಪಾರಿಗೆ ಮಳೆಗಾಲದಲ್ಲಿ ಕಳಿಸುವ ಸಂದೇಶ ಹೆಚ್ಚೂಕಡಿಮೆ ಇದೇ ಧಾಟಿಯಲ್ಲಿರುತ್ತದೆ. ಬರೆದವರ ಕಷ್ಟ ಸುಳ್ಳಲ್ಲ. ಆದರೆ ಸಗಟು ವ್ಯಾಪಾರಿ ಇದನ್ನು ಓದುವ ರೀತಿಯೇ ಬೇರೆ. ರೈತರು ಕೊಡುತ್ತಿಲ್ಲ ಎಂದರೆ ಈ ಅಂಗಡಿಯ ವಸೂಲಿ ಕೆಟ್ಟಿದೆ. ಬ್ಯಾಂಕು ಕೇಳುತ್ತಿಲ್ಲ ಎಂದರೆ ಲೆಕ್ಕಪತ್ರ ನೋಡಿದವರೇ ಸಾಲ ಕೊಡಲು ಹಿಂಜರಿದಿದ್ದಾರೆ. ಬೇರೆ ಯಾರೂ ಇಲ್ಲ ಎಂದರೆ ಉಳಿದ ಸಗಟುಗಾರರು ಆಗಲೇ ಕೈ ಎತ್ತಿದ್ದಾರೆ. ಮೂರು ಸಾಲಿನಲ್ಲಿ ಅಂಗಡಿಯವರು ತಮ್ಮ ವಿರುದ್ಧ ತಾವೇ ಮೂರು ಸಾಕ್ಷಿ ನುಡಿದಿದ್ದಾರೆ. 90 ದಿನ ಕೊಡುವ ಮಾತು ಹಾಗಿರಲಿ, ಈಗಿರುವ 30 ದಿನವನ್ನೇ ಕಡಿಮೆ ಮಾಡೋಣವೇ ಎಂದು ಅವನು ಯೋಚಿಸಿದರೆ ತಪ್ಪು ಹೊರಿಸಲಾಗದು.

ಈ ಸಂದೇಶವನ್ನು ಹೇಗೆ ಬೇರೆಯಾಗಿ ಬರೆಯಬಹುದು ಎಂದು ನೋಡಲು ಇಲ್ಲಿ ಒಂದು ಲೆಕ್ಕ ಕಟ್ಟಲಾಗಿದೆ. ಅಂಗಡಿ, ಸಗಟು ವ್ಯಾಪಾರಿ ಮತ್ತು ಅವರ ವ್ಯವಹಾರದ ಅಂಕಿಗಳು ಕಲ್ಪಿತ. ಕಬ್ಬಿನ ಕಾಲಮಾನ, ತೆರಿಗೆಯ ನಿಯಮ, ಕಾನೂನು ಮಾತ್ರ ಕಾಗವಾಡ ತಾಲ್ಲೂಕಿನ ಯಾವ ಅಂಗಡಿಗೂ ಅನ್ವಯವಾಗುವಂಥವು.

ಮೊದಲಿಗೆ 90 ಎಂಬ ಅಂಕಿ ಎಲ್ಲಿಂದ ಬಂತು ಎಂದು ಕೇಳಬೇಕು. ಬಹುತೇಕ ಎಲ್ಲಿಂದಲೂ ಬಂದಿರುವುದಿಲ್ಲ. ಮೂವತ್ತನ್ನು ಮೂರು ಪಟ್ಟು ಮಾಡಿದರೆ ಬರುವ ದುಂಡು ಸಂಖ್ಯೆ ಅದು, ಅಷ್ಟೆ. ಜುಲೈ 5ಕ್ಕೆ ಮಾಲು ಬಂದರೆ 90 ದಿನಕ್ಕೆ ಅಕ್ಟೋಬರ್ 3 ಆಗುತ್ತದೆ. ಆ ದಿನ ಈ ಭಾಗದಲ್ಲಿ ಯಾವ ಕಬ್ಬಿನ ರೊಕ್ಕವೂ ಬಂದಿರುವುದಿಲ್ಲ. ಅಂದರೆ ಸಗಟು ವ್ಯಾಪಾರಿ ಮನಸ್ಸು ಕರಗಿ ಒಪ್ಪಿಕೊಂಡರೂ ಅಂಗಡಿಯವರು ಅಕ್ಟೋಬರಿನಲ್ಲಿ ಮಾತು ತಪ್ಪುತ್ತಾರೆ. ಕೇಳಿದ್ದು ಸಿಕ್ಕಮೇಲೂ ಹೆಸರು ಕೆಡುವ ಬೇಡಿಕೆ ಇದು.

ಕೃಷ್ಣೆಯ ನೀರಿನ ಈ ಪಟ್ಟಿಯಲ್ಲಿ ಅಂಗಡಿಯ ಉದ್ರಿ ನಡೆಯುವುದೇ ಕಬ್ಬಿನ ಮೇಲೆ. ಆಡಸಾಲಿ ಕಬ್ಬನ್ನು ಜುಲೈ, ಆಗಸ್ಟಿನಲ್ಲಿ ನೆಡುತ್ತಾರೆ. ಅದಕ್ಕೆ ಬುಡಗೊಬ್ಬರ, ನಿಂತ ಕಬ್ಬಿಗೆ ಮೇಲುಗೊಬ್ಬರ, ಗೊಣ್ಣೆ ಹುಳಕ್ಕೆ ಎಣ್ಣೆ, ಹನಿ ನೀರಾವರಿ ಇದ್ದವರಿಗೆ ನೀರಿನಲ್ಲಿ ಕರಗುವ ಗೊಬ್ಬರ, ಎಲ್ಲವೂ ಜುಲೈಯಿಂದ ಸೆಪ್ಟೆಂಬರಿನ ಮೂರು ತಿಂಗಳಲ್ಲೇ ಅಂಗಡಿಯಿಂದ ಹೊರಗೆ ಹೋಗುತ್ತವೆ. ಆದರೆ ಜುಲೈಯಲ್ಲಿ ನೆಟ್ಟ ಆಡಸಾಲಿ ಕಡಿತಕ್ಕೆ ಬರಲು ಒಂದೂವರೆ ವರ್ಷದ ಹತ್ತಿರ ಬೇಕು. ಹಾಗಾಗಿ ಈ ಜುಲೈಯ ಉದ್ರಿ ತೀರುವುದು ಈ ಜುಲೈಯ ಕಬ್ಬಿನಿಂದ ಅಲ್ಲ. ಅದೇ ರೈತನ ಇನ್ನೊಂದು ಹೊಲದಲ್ಲಿ ಆಗಲೇ ನಿಂತಿರುವ ಕಬ್ಬಿನಿಂದ, ಅದು ಕಾರ್ಖಾನೆಗೆ ಹೋದ ಮೇಲೆ.

ಇದು ಸಣ್ಣ ವಿಷಯವಲ್ಲ. ಉದ್ರಿ ಕೊಡುವಾಗ ‘ಎಷ್ಟು ಎಕರೆ ನೆಟ್ಟೀರಿ’ ಎಂದು ಕೇಳುವ ಅಂಗಡಿಯವರು ಬಹಳ. ‘ಈ ಹಂಗಾಮಿಗೆ ಎಷ್ಟು ಟನ್ ಕಳಸ್ತೀರಿ, ಯಾವ ಕಾರ್ಖಾನಿಗಿ, ಕಡಿತದ ಪಾಳಿ ಯಾವಾಗ’ ಎಂದು ಬರೆದಿಟ್ಟುಕೊಳ್ಳುವವರು ಕಡಿಮೆ. ಗಡುವಿನ ಮಾತಿಗೆ ಬೇಕಾದ ದಾಖಲೆ ಎರಡನೆಯದು.

ಕಾರ್ಖಾನೆಯಿಂದ ರೊಕ್ಕ ಬರುವ ದಾರಿಯಲ್ಲೂ ಹಂತಗಳಿವೆ. ಶೇಡಬಾಳದ ಮಗ್ಗುಲಿನ ಉಗಾರ ಖುರ್ದದಲ್ಲಿ 1939ರಲ್ಲಿ ಸ್ಥಾಪನೆಯಾದ ಕಂಪನಿಯ ಸಕ್ಕರೆ ಕಾರ್ಖಾನೆ ಇದೆ. ಸುತ್ತಲ ತಾಲ್ಲೂಕುಗಳಲ್ಲಿ ಸಹಕಾರಿ, ಖಾಸಗಿ ಎರಡೂ ಬಗೆಯ ಇನ್ನಷ್ಟು ಕಾರ್ಖಾನೆಗಳಿವೆ. ಕೇಂದ್ರದ 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನದೊಳಗೆ ಬಿಲ್ಲು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು. ಕಾಗದದ ಮೇಲೆ ಅದು ಸ್ಪಷ್ಟ. ಆದರೆ 14 ದಿನ ಶುರುವಾಗುವುದು ಕಬ್ಬು ಕಾರ್ಖಾನೆಗೆ ತಲುಪಿದ ಮೇಲೆ. ಅದಕ್ಕೂ ಮುಂಚೆ ನುರಿಸುವ ಹಂಗಾಮು ಶುರುವಾಗಬೇಕು, ಕಡಿಯುವ ಗ್ಯಾಂಗ್ ಬರಬೇಕು, ಆ ರೈತನ ಪಾಳಿ ಬರಬೇಕು. 2025ರ ನವೆಂಬರ್ ಮೊದಲ ವಾರ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಬೆಲೆ ಕೇಳಿ ರೈತರು ರಸ್ತೆಯಲ್ಲಿ ಕೂತದ್ದನ್ನು ಈ ಭಾಗದವರು ಮರೆತಿರಲಿಕ್ಕಿಲ್ಲ. 3,300ಕ್ಕೆ ಮಾತು ಮುಗಿಯುವ ತನಕ ಕಬ್ಬು ಹೊಲದಲ್ಲೇ ಇತ್ತು. ಗೊಬ್ಬರದ ಅಂಗಡಿಯ ವಸೂಲಿಯೂ ಅಷ್ಟು ದಿನ ಮುಂದಕ್ಕೆ ಹೋಯಿತು ಎಂದೇ ಅರ್ಥ.

ಈಗ ಅಂಗಡಿಯ ಉದ್ರಿ ಖಾತೆಯನ್ನು ತಿರುಗಿಸಬೇಕು. ಹಿಂದಿನ ಎರಡು ಹಂಗಾಮಿನ ಜಮೆಗಳನ್ನು ತಿಂಗಳುವಾರು ಕೂಡಿಸಿದರೆ ಒಂದು ಚಿತ್ರ ಕಾಣುತ್ತದೆ. ನಮ್ಮ ಕಲ್ಪಿತ ಅಂಗಡಿಯಲ್ಲಿ ಅದು ಹೀಗಿದೆ: ಸೋಯಾಬೀನ್ ಒಕ್ಕಿ ಮಾರಿದ ಮೇಲೆ ದಸರೆ, ದೀಪಾವಳಿಯ ಹೊತ್ತಿಗೆ ಕಾಲು ಭಾಗ ಬರುತ್ತದೆ. ನವೆಂಬರ್ ಬಹುತೇಕ ಖಾಲಿ. ಡಿಸೆಂಬರ್ ಎರಡನೇ ವಾರದಿಂದ ಜನವರಿ ಮಧ್ಯದವರೆಗೆ ದೊಡ್ಡ ಪಾಲು. ಉಳಿದದ್ದು ಮಾರ್ಚಿನವರೆಗೆ ಎಳೆಯುತ್ತದೆ. ಅಂಗಡಿಗೆ ಬೇಕಾದದ್ದು 90 ದಿನ ಅಲ್ಲ, ಮೂರು ತಾರೀಖು.

ಮಾಲಿನ ಲೆಕ್ಕ ಸರಳ. ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರೂ ತಿಂಗಳ 5ನೇ ತಾರೀಖಿಗೆ ತಲಾ 6 ಲಕ್ಷದ ಬಿಲ್ಲು. ಪ್ರತಿ ಬಿಲ್ಲಿನಲ್ಲಿ ಮಾಲಿನ ಬೆಲೆ 5.4 ಲಕ್ಷ, ಜಿಎಸ್‌ಟಿ ಸುಮಾರು 60 ಸಾವಿರ. ಗೊಬ್ಬರಕ್ಕೆ ಶೇ 5, ಕೀಟನಾಶಕಕ್ಕೆ ಶೇ 18 ತೆರಿಗೆ ಇರುವುದರಿಂದ ಎರಡೂ ಬೆರೆತ ಬಿಲ್ಲಿನಲ್ಲಿ ತೆರಿಗೆ ಹೀಗೆ ನಡುವೆ ಬಂದು ನಿಲ್ಲುತ್ತದೆ.

ತೆರಿಗೆಯನ್ನು ಬೇರೆಯಾಗಿ ಎತ್ತಿ ಇಟ್ಟದ್ದಕ್ಕೆ ಕಾರಣವಿದೆ. ಸಗಟು ವ್ಯಾಪಾರಿ ಆ ತೆರಿಗೆಯ ಬಹುಪಾಲನ್ನು ಕಂಪನಿಯಿಂದ ಮಾಲು ತರುವಾಗಲೇ ಕೊಟ್ಟಿರುತ್ತಾನೆ. ತನ್ನ ಲಾಭದ ಮೇಲಿನ ತೆರಿಗೆಯನ್ನು ಮುಂದಿನ ತಿಂಗಳ 20ರ ಸುಮಾರಿಗೆ ಸರ್ಕಾರಕ್ಕೆ ಕಟ್ಟುತ್ತಾನೆ. ಅಂಗಡಿಯವರು ರೊಕ್ಕ ಕೊಟ್ಟರೋ ಇಲ್ಲವೋ ಎಂದು ಜಿಎಸ್‌ಟಿ ಕಚೇರಿ ಕೇಳುವುದಿಲ್ಲ. ಇತ್ತ ಅಂಗಡಿಯವರು ಅದೇ ಬಿಲ್ಲು ತೋರಿಸಿ ತಮ್ಮ ತೆರಿಗೆಯಲ್ಲಿ ಅಷ್ಟನ್ನು ಮುರಿದುಕೊಳ್ಳುತ್ತಾರೆ. ಉದ್ದ ಗಡುವು ಕೇಳುವಾಗ ತೆರಿಗೆಯನ್ನೂ ಅದರಲ್ಲಿ ಸೇರಿಸಿದರೆ, ತಾವು ಆಗಲೇ ಲಾಭ ಪಡೆದ ರೊಕ್ಕವನ್ನೂ ಸಾಲವಾಗಿ ಕೇಳಿದಂತಾಗುತ್ತದೆ. ಆದ್ದರಿಂದ ತೆರಿಗೆಯ 60 ಸಾವಿರ ಹಳೆಯ ಪದ್ಧತಿಯಂತೆ 30 ದಿನಕ್ಕೇ ಸಲ್ಲಲಿ. ಗಡುವಿನ ಮಾತು ಮಾಲಿನ ಬೆಲೆಗೆ ಮಾತ್ರ. ಸಣ್ಣ ರಿಯಾಯಿತಿ ಅನ್ನಿಸಬಹುದು, ಆದರೆ ಕೇಳುವವರು ಎದುರಿನವರ ಖಾತೆಯನ್ನೂ ಓದಿಕೊಂಡು ಬಂದಿದ್ದಾರೆ ಎಂದು ಮೊದಲ ಮಾತಿನಲ್ಲೇ ಗೊತ್ತಾಗುತ್ತದೆ.

ಉಳಿದದ್ದು ಮೂರು ಬಿಲ್ಲಿನ 16.2 ಲಕ್ಷ. ಅಂಗಡಿಯ ಖಾತೆ ಹೇಳುವ ತಾರೀಖುಗಳು: ಅಕ್ಟೋಬರ್ 31ಕ್ಕೆ 4.2 ಲಕ್ಷ, ಡಿಸೆಂಬರ್ 15ಕ್ಕೆ 6 ಲಕ್ಷ, ಜನವರಿ 15ಕ್ಕೆ 6 ಲಕ್ಷ. ಹಳೆಯ 30 ದಿನದ ಪದ್ಧತಿಗೆ ಹೋಲಿಸಿದರೆ ರೊಕ್ಕ ಸರಾಸರಿ ಮೂರು ತಿಂಗಳು ಹನ್ನೆರಡು ದಿನ ತಡವಾಗುತ್ತದೆ, ಅಂದರೆ 3.4 ತಿಂಗಳು. ಸಗಟು ವ್ಯಾಪಾರಿಯ ಬ್ಯಾಂಕಿನ ಸಾಲ ವರ್ಷಕ್ಕೆ ಶೇ 12ರದ್ದು, ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಎಂದು ಹಿಡಿದರೆ ಈ ತಡ ಅವನಿಗೆ ಸುಮಾರು 55 ಸಾವಿರ ರೂಪಾಯಿಯ ಖರ್ಚು. ಅವನ ಲಾಭ ಮಾಲಿನ ಬೆಲೆಯ ಶೇ 5 ಅಂದುಕೊಂಡರೂ ಈ ಮೂರು ಬಿಲ್ಲಿನಿಂದ ಬರುವುದು 81 ಸಾವಿರ. ಬದಲಿಗೆ ಏನೂ ಕೊಡದೆ ‘ದಯಮಾಡಿ’ ಎಂದಷ್ಟೇ ಹೇಳಿ ಈ ತಾರೀಖುಗಳನ್ನು ಕೇಳಿದರೆ ಅದರಲ್ಲಿ ಮೂರನೇ ಎರಡು ಭಾಗವನ್ನು ಬಿಟ್ಟುಕೊಡು ಎಂದಂತೆ, ಏನು ಕೇಳುತ್ತಿದ್ದೇವೆ ಎಂಬ ಅರಿವಿಲ್ಲದೆ.

ಹಾಗಾದರೆ ಇಲ್ಲಿ ಇಬ್ಬರಿಗೂ ಲಾಭ ಎಲ್ಲಿಂದ ಹುಟ್ಟಬೇಕು?

ರೊಕ್ಕದ ಬೆಲೆ ಎಲ್ಲರ ಕೈಯಲ್ಲೂ, ಎಲ್ಲ ತಿಂಗಳಲ್ಲೂ ಒಂದೇ ಅಲ್ಲ ಎಂಬುದರಿಂದ. ಮಳೆಗಾಲದಲ್ಲಿ ಅಂಗಡಿಯವರ ಬ್ಯಾಂಕಿನ ಮಿತಿ ತುಂಬಿರುತ್ತದೆ. ಬಿಲ್ಲು ತೀರಿಸಲು ಕೈಗಡ ತಂದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಅದೇ 16.2 ಲಕ್ಷ 3.4 ತಿಂಗಳಿಗೆ ಅವರಿಗೆ 1 ಲಕ್ಷ 10 ಸಾವಿರದ ಹೊರೆ. ಸಗಟು ವ್ಯಾಪಾರಿಗೆ 55 ಸಾವಿರಕ್ಕೆ ಸಿಗುವ ವಸ್ತುವಿಗೆ ಅಂಗಡಿಯವರು ಎರಡು ಪಟ್ಟು ತೆರುತ್ತಿದ್ದಾರೆ. ಈ ಅಂತರವೇ ಮಾತುಕತೆಯ ಬಂಡವಾಳ. ಜನವರಿ ಕಳೆದರೆ ಚಿತ್ರ ತಿರುಗುತ್ತದೆ. ಕಬ್ಬಿನ ರೊಕ್ಕ ಬಂದು ಅಂಗಡಿಯವರ ಕೈ ತುಂಬಿರುತ್ತದೆ. ಆಗ ಅವರು ಕೊಡಬಹುದಾದದ್ದನ್ನು ಕೊಟ್ಟರೆ ಮಳೆಗಾಲದಲ್ಲಿ ಕೇಳುವುದಕ್ಕೆ ಹಕ್ಕು ಬರುತ್ತದೆ.

ಅಂಗಡಿಯವರು ಕೊಡಬಹುದಾದದ್ದು ಮೂರು. ಫೆಬ್ರುವರಿಯಿಂದ ಮೇ ತನಕ ಕುಳೆ ಕಬ್ಬಿಗೆ, ಬೇಸಿಗೆ ನಾಟಿಗೆ ತಿಂಗಳಿಗೆ 5 ಲಕ್ಷದಂತೆ ಬರುವ ಮಾಲಿಗೆ 30 ದಿನ ಕಾಯಿಸದೆ ಇಳಿಸಿದ ದಿನವೇ ರೋಖ ಕೊಡುವುದು. 20 ಲಕ್ಷದ ಮೇಲೆ ಒಂದು ತಿಂಗಳು ಅಂದರೆ ಸಗಟು ವ್ಯಾಪಾರಿಗೆ 20 ಸಾವಿರ ಉಳಿತಾಯ. ಎರಡನೆಯದು ಸಾಗಣೆ. ಬೇಕಾದಾಗ ಬೇಕಾದಷ್ಟು ಅಂತ ಮಳೆಗಾಲದಲ್ಲಿ ತಿಂಗಳಿಗೆ ನಾಲ್ಕು ಸಲ ಅರ್ಧ ಗಾಡಿ ಬರುತ್ತದೆ. ತುಂಬಿದ ಗಾಡಿ ಎರಡು ಸಲ ಬಂದರೆ ಸಾಕು. ಬಾಡಿಗೆ ಸಲಕ್ಕೆ 3,500 ಅಂದರೆ ಮೂರು ತಿಂಗಳಿಗೆ 21 ಸಾವಿರ ಉಳಿಯುತ್ತದೆ, ಅದು ಸಗಟು ವ್ಯಾಪಾರಿಯ ಜೇಬಿನದೇ. ಇದಕ್ಕೆ ಅಂಗಡಿಯಲ್ಲಿ ಒಣಗಿದ ಗೋದಾಮು ಬೇಕು. ನೀರಿನಲ್ಲಿ ಕರಗುವ ಗೊಬ್ಬರ ತೇವ ಕುಡಿದರೆ ಗಟ್ಟಿಯಾಗಿ ಕೂರುತ್ತದೆ, ಆ ನಷ್ಟ ಅಂಗಡಿಯವರದೇ. ಮೂರನೆಯದು ಬೆಲೆ: ಮಳೆಗಾಲದ ಬಿಲ್ಲುಗಳ ಮೇಲೆ ಶೇ 1 ಹೆಚ್ಚು ಕೊಡುವುದು, ಸುಮಾರು 16 ಸಾವಿರ.

ಮೂರೂ ಕೂಡಿದರೆ 57 ಸಾವಿರ. ಸಗಟು ವ್ಯಾಪಾರಿಯ ಖರ್ಚು 55. ಅವನಿಗೆ ಉಳಿದದ್ದು ಎರಡೇ ಸಾವಿರ, ನಿಜ. ಆದರೆ ಅವನು ಈಗ ಕಳೆದುಕೊಳ್ಳುತ್ತಿಲ್ಲ. ಅಂಗಡಿಯವರಿಗೆ ತಗಲುವುದು ಬೇಸಿಗೆಯ ರೋಖಿನ 20 ಸಾವಿರ, ಬೆಲೆಯ 16 ಸಾವಿರ, ಗೋದಾಮು, ಹಮಾಲಿ ಅಂತ ಇನ್ನೊಂದು ಐದು. 1 ಲಕ್ಷ 10 ಸಾವಿರದ ಹೊರೆಯ ಜಾಗದಲ್ಲಿ 41 ಸಾವಿರ.

ಈ ಲೆಕ್ಕದಲ್ಲಿ ಸೇರಿಸದ ಒಂದು ಲಾಭ ಸಗಟು ವ್ಯಾಪಾರಿಗೆ ಎಲ್ಲಕ್ಕಿಂತ ರುಚಿಸೀತು. ಕೀಟನಾಶಕ, ವಿಶೇಷ ಗೊಬ್ಬರದ ಕಂಪನಿಗಳು ಹಂಗಾಮಿಗೆ ಮುಂಚೆ ಇಷ್ಟು ಮಾಲು ಎತ್ತಿದರೆ ಇಷ್ಟು ರಿಯಾಯಿತಿ ಎಂಬ ಸ್ಕೀಮುಗಳನ್ನು ಇಡುತ್ತವೆ. ಮಿತಿ ಮುಟ್ಟುತ್ತೇನೋ ಇಲ್ಲವೋ ಎಂಬ ಅಂದಾಜಿನ ಮೇಲೆ ಅವನು ಮಾಲು ಎತ್ತುತ್ತಾನೆ. ಮೇ ಕೊನೆಗೇ ಒಂದು ಅಂಗಡಿಯವರು ಯಾವ ಮಾಲು, ಯಾವ ಪ್ಯಾಕಿಂಗು, ಎಷ್ಟು ಪೆಟ್ಟಿಗೆ ಎಂದು ಖಚಿತ ಪಟ್ಟಿ ಕೊಟ್ಟರೆ ಆ ಅಂದಾಜು ಅಷ್ಟರಮಟ್ಟಿಗೆ ಗಟ್ಟಿಯಾಗುತ್ತದೆ. ಇದರ ಬೆಲೆ ಎಷ್ಟು ಎಂದು ಅಂಗಡಿಯವರು ಊಹಿಸಿ ಹೇಳಬಾರದು. ಅವನ ಸ್ಕೀಮು ಅವನಿಗೆ ಗೊತ್ತು. ಪಟ್ಟಿ ಮುಂದಿಟ್ಟು ಸುಮ್ಮನಿದ್ದರೆ ಸಾಕು.

ಇಷ್ಟಾದ ಮೇಲೆ ಸಂದೇಶ ತಾನಾಗಿ ಬೇರೆಯಾಗುತ್ತದೆ:

‘ಮಾಲಕರೆ, ನಮಸ್ಕಾರ. ಜುಲೈ, ಆಗಸ್ಟ್, ಸೆಪ್ಟೆಂಬರಿಗೆ ನಮಗೆ ಬೇಕಾದ ಮಾಲಿನ ಪಟ್ಟಿ ಜೊತೆಗಿದೆ. ತಿಂಗಳಿಗೆ 6 ಲಕ್ಷದ್ದು, ಎರಡೇ ಗಾಡಿಯಲ್ಲಿ ತುಂಬಿ ಕಳಿಸಬಹುದು. ಮೇ 31ರ ಮೇಲೆ ಪಟ್ಟಿ ಬದಲು ಮಾಡುವುದಿಲ್ಲ. ಪ್ರತಿ ಬಿಲ್ಲಿನ ಜಿಎಸ್‌ಟಿ ಮೊದಲಿನ ಹಾಗೆ 30 ದಿನಕ್ಕೆ ಕೊಡುತ್ತೇವೆ. ಮಾಲಿನ 16.2 ಲಕ್ಷ ಅಕ್ಟೋಬರ್ 31, ಡಿಸೆಂಬರ್ 15, ಜನವರಿ 15ಕ್ಕೆ; ಮೂರಕ್ಕೂ ಚೆಕ್ ಮೊದಲೇ ಕೊಡುತ್ತೇವೆ. ಎರಡು ವರ್ಷದ ನಮ್ಮ ವಸೂಲಿ ತಿಂಗಳುವಾರು ಬರೆದು ಇಟ್ಟಿದ್ದೇವೆ, ತಾರೀಖು ಅದರಿಂದಲೇ ಬಂದದ್ದು. ಇದಕ್ಕೆ ಬದಲಾಗಿ ಫೆಬ್ರುವರಿಯಿಂದ ಮೇ ತನಕದ ಮಾಲಿಗೆ ಇಳಿಸಿದ ದಿನವೇ ರೋಖ, ಮಳೆಗಾಲದ ಬಿಲ್ಲಿಗೆ ನೂರಕ್ಕೆ 1 ಹೆಚ್ಚು. ನಿಮಗೆ ಬೀಳುವ ಬಡ್ಡಿ, ಉಳಿಯುವ ಬಾಡಿಗೆ ಎರಡನ್ನೂ ನಮ್ಮ ಅಂದಾಜಿನಲ್ಲಿ ಲೆಕ್ಕ ಹಾಕಿದ್ದೇವೆ. ತಪ್ಪಿದ್ದರೆ ತಿದ್ದಿ ಹೇಳಿರಿ. ಸೋಮವಾರ ಬೆಳಗಾವಿಗೆ ಬರುತ್ತೇವೆ, ಕೂತು ಮಾತಾಡೋಣ.’

‘ತೊಂದರೆ’ ಎಂಬ ಮಾತು ಎಲ್ಲೂ ಇಲ್ಲ. ‘ತಪ್ಪಿದ್ದರೆ ತಿದ್ದಿ’ ಎಂಬುದು ಮಾತ್ರ ಬೇಕೆಂದೇ ಇಟ್ಟದ್ದು. ಎದುರಿನವನು ಒಂದು ಅಂಕಿ ತಿದ್ದಿದ ಎಂದರೆ ಲೆಕ್ಕದೊಳಗೆ ಬಂದ ಎಂದೇ. ಆಗ ಮಾತು ಕೊಡುವುದೋ ಬಿಡುವುದೋ ಎಂಬುದರಿಂದ ಎಷ್ಟು ಎಂಬುದಕ್ಕೆ ಇಳಿಯುತ್ತದೆ.

ತಿದ್ದುವ ಅಂಕಿ ಬಹುಶಃ ಆ ಶೇ 12 ಆಗಿರುತ್ತದೆ. ಸಗಟು ವ್ಯಾಪಾರಿಯ ರೊಕ್ಕದ ನಿಜವಾದ ಬೆಲೆ ತಿಳಿಯಲು ಅವನ ಬ್ಯಾಂಕಿನ ಕಾಗದ ಬೇಕಿಲ್ಲ, ಅವನ ಬೆಲೆಪಟ್ಟಿ ಸಾಕು. ‘ರೋಖ ಕೊಟ್ರ ನೂರಕ್ಕ ಎರಡು ಬಿಡ್ತೀನಿ, ಇಲ್ಲಂದ್ರ 30 ದಿವ್ಸ’ ಎಂದು ಅವನು ಹೇಳುತ್ತಿದ್ದರೆ, ಒಂದು ತಿಂಗಳ ರೊಕ್ಕಕ್ಕೆ ಅವನು ಎರಡು ರೂಪಾಯಿ ಕಟ್ಟುತ್ತಿದ್ದಾನೆ. ಅಂದರೆ ವರ್ಷಕ್ಕೆ ಶೇ 24. ಹಾಗಿದ್ದರೆ ಮೇಲಿನ ಲೆಕ್ಕ ಕುಸಿಯುತ್ತದೆ. ಅವನ ಖರ್ಚು 55 ಸಾವಿರ ಅಲ್ಲ, ಅಂಗಡಿಯವರದರಷ್ಟೇ, 1 ಲಕ್ಷ 10 ಸಾವಿರ. ಇಬ್ಬರ ರೊಕ್ಕವೂ ಅಷ್ಟೇ ದುಬಾರಿ ಇದ್ದಾಗ ಗಡುವು ಬದಲಿಸಿ ಹೆಚ್ಚು ಹುಟ್ಟುವುದಿಲ್ಲ. ಆಗ ಪತ್ರ ಎಷ್ಟು ಚೆಂದ ಬರೆದರೂ ಉಪಯೋಗವಿಲ್ಲ. ಬ್ಯಾಂಕಿನ ಮಿತಿ ಹೆಚ್ಚಿಸಿಕೊಳ್ಳುವುದು, ಉದ್ರಿ ಕಡಿಮೆ ಮಾಡುವುದು, ಇಲ್ಲವೇ ರೊಕ್ಕ ಅಗ್ಗವಾಗಿ ಸಿಗುವ ಇನ್ನೊಬ್ಬ ಸಗಟುಗಾರನನ್ನು ಹುಡುಕುವುದು ಉಳಿದ ದಾರಿ. ಬೆಳಗಾವಿಯ ದೊಡ್ಡ ಸಗಟುಗಾರ ಶೇ 12ಕ್ಕೆ ಸಾಲ ತರಬಲ್ಲ, ಅಥಣಿಯ ಸಣ್ಣ ಸಗಟುಗಾರ ತರಲಾರ ಎಂಬಂಥ ವ್ಯತ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ.

ದೊಡ್ಡ ಕಂಪನಿಗಳು ಇದೇ ಅಂತರವನ್ನು ಬೇರೆ ರೀತಿ ಬಳಸಿವೆ. ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ 2013ರಲ್ಲಿ ಪೂರೈಕೆದಾರರ ಗಡುವನ್ನು ಸುಮಾರು 45 ದಿನದಿಂದ 75ಕ್ಕೆ ಏರಿಸಿತು. ಅದರ ಜೊತೆಗೇ ಬ್ಯಾಂಕುಗಳನ್ನು ನಡುವೆ ತಂದಿತು. ಬೇಗ ರೊಕ್ಕ ಬೇಕಾದ ಪೂರೈಕೆದಾರ ಬಿಲ್ಲನ್ನು ಬ್ಯಾಂಕಿಗೆ ಕೊಟ್ಟು, ಆ ದೊಡ್ಡ ಕಂಪನಿಯ ಹೆಸರಿನ ಮೇಲೆ ಸಿಗುವ ಕಡಿಮೆ ಬಡ್ಡಿಗೆ ಹಣ ಪಡೆಯಬಹುದಿತ್ತು. ಎಲ್ಲವೂ ಹೀಗೆ ಮುಗಿಯುವುದಿಲ್ಲ. 120 ದಿನದ ಗಡುವಿಗೆ ಹೆಸರಾಗಿದ್ದ ಬ್ರಿಟನ್ನಿನ ಕಟ್ಟಡ ಕಂಪನಿ ಕ್ಯಾರಿಲಿಯನ್ 2018ರ ಜನವರಿಯಲ್ಲಿ ಮುಳುಗಿದಾಗ ಸಣ್ಣ ಗುತ್ತಿಗೆದಾರರ ಬಿಲ್ಲುಗಳು ಅದರೊಂದಿಗೇ ಮುಳುಗಿದವು. ನಮ್ಮಲ್ಲಿ ರಿಸರ್ವ್ ಬ್ಯಾಂಕಿನ ಅನುಮತಿಯ ಟ್ರೆಡ್ಸ್ ವೇದಿಕೆಗಳು ಬಿಲ್ಲಿನ ಮೇಲೆ ಹೀಗೆ ಹಣ ಕೊಡಿಸುತ್ತವೆ. ಅಲ್ಲಿ ಕೊಳ್ಳುವವರು ದೊಡ್ಡ ಕಂಪನಿಗಳು. ಶೇಡಬಾಳದ ಅಂಗಡಿಯ ಹೆಸರಿನ ಮೇಲೆ ಅಗ್ಗದ ಬಡ್ಡಿ ಕೊಡುವ ಬ್ಯಾಂಕು ಅಲ್ಲಿ ಕಾದಿಲ್ಲ, ಹಾಗಾಗಿ ಆ ದಾರಿ ಸದ್ಯಕ್ಕೆ ಮುಚ್ಚಿದ್ದೇ.

ಕಾನೂನಿನ ಎರಡು ಬೇಲಿಗಳನ್ನು ಮಾತ್ರ ಗಡುವು ಕೇಳುವವರು ದಾಟುವಂತಿಲ್ಲ.

ಒಂದು, 180 ದಿನ. ಬಿಲ್ಲಿನ ತಾರೀಖಿನಿಂದ 180 ದಿನದೊಳಗೆ ಪೂರೈಕೆದಾರನಿಗೆ ರೊಕ್ಕ ಸಲ್ಲದಿದ್ದರೆ ಅಂಗಡಿಯವರು ಮುರಿದುಕೊಂಡ ಜಿಎಸ್‌ಟಿಯನ್ನು ಬಡ್ಡಿ ಸಮೇತ ವಾಪಸು ಕಟ್ಟಬೇಕು. ರೊಕ್ಕ ಕೊಟ್ಟ ಮೇಲೆ ಮತ್ತೆ ಪಡೆಯಬಹುದು, ಆದರೆ ನಡುವಿನ ಬಡ್ಡಿ ಹೋಯಿತು. ನಮ್ಮ ತಾರೀಖುಗಳನ್ನು ಇದಕ್ಕೆ ಒರೆ ಹಚ್ಚಿ ನೋಡಬೇಕು. ಹಳೆಯ ಬಿಲ್ಲಿಗೆ ಮೊದಲು ಜಮೆ ಎಂದು ಹಿಡಿದರೆ ಜುಲೈ 5ರ ಬಿಲ್ಲು ಪೂರ್ತಿ ತೀರುವುದು ಡಿಸೆಂಬರ್ 15ಕ್ಕೆ, 163ನೇ ದಿನ. ಆಗಸ್ಟ್ 5ರದ್ದು ಜನವರಿ 15ಕ್ಕೆ, ಅದೂ 163. ಕೈಯಲ್ಲಿ ಉಳಿದದ್ದು 17 ದಿನ. ಕಂತು ಅದಕ್ಕಿಂತ ಹೆಚ್ಚು ಜಾರಿದರೆ ಈ ಬೇಲಿಗೆ ಬಡಿಯುತ್ತದೆ. ಹಾಗಾಗಿ ‘ಜನವರಿ ಬದಲು ಮಾರ್ಚ್ ಮಾಡೋಣ’ ಎಂದು ಸಗಟು ವ್ಯಾಪಾರಿಯೇ ಉದಾರವಾಗಿ ಹೇಳಿದರೂ ಬೇಡ ಅನ್ನಬೇಕಾದ ಸಂದರ್ಭ ಇದು.

ಇನ್ನೊಂದು ಬೇಲಿ 45 ದಿನದ್ದು. ಮಾಲು ಕೊಡುವವನು ಸಗಟು ವ್ಯಾಪಾರಿ ಅಲ್ಲ, ಲಘುಪೋಷಕಾಂಶ ಮಿಶ್ರಣ ತಯಾರಿಸುವ ಸಣ್ಣ ಕಾರ್ಖಾನೆಯ ಮಾಲೀಕ ಎಂದಿಟ್ಟುಕೊಳ್ಳಿ. ಅವನು ಉದ್ಯಮ್ ನೋಂದಣಿ ಮಾಡಿಸಿದ ಅತಿಸಣ್ಣ ಅಥವಾ ಸಣ್ಣ ತಯಾರಕನಾಗಿದ್ದರೆ 2006ರ ಎಂಎಸ್‌ಎಂಇ ಕಾಯ್ದೆ ಅನ್ವಯಿಸುತ್ತದೆ. ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ ಗರಿಷ್ಠ 45 ದಿನ. ಅವನು ಖುಷಿಯಿಂದ 120 ದಿನಕ್ಕೆ ಸಹಿ ಹಾಕಿಕೊಟ್ಟರೂ ಲೆಕ್ಕಕ್ಕೆ 45 ದಿನವೇ. ಅದರಾಚೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ. ಆದಾಯ ತೆರಿಗೆ ಕಾಯ್ದೆಗೆ 2023ರಲ್ಲಿ ಸೇರಿಸಿದ ನಿಯಮದಿಂದ ಇನ್ನೊಂದು ಪೆಟ್ಟೂ ಇದೆ. ಗಡುವು ಮೀರಿ ವರ್ಷಾಂತ್ಯಕ್ಕೆ ಬಾಕಿ ಉಳಿದ ಬಿಲ್ಲನ್ನು ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ. ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ 2021ರಿಂದ ಉದ್ಯಮ್ ನೋಂದಣಿ ಸಿಗುತ್ತಿದೆಯಾದರೂ ಅದು ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ. ತಡಪಾವತಿಯ ಈ ರಕ್ಷಣೆ ಅವರಿಗಿಲ್ಲ. ಅದರಿಂದಲೇ ಬೆಳಗಾವಿಯ ಸಗಟುಗಾರನೊಂದಿಗೆ ಡಿಸೆಂಬರಿನ ಮಾತಾಡಬಹುದು, ತಯಾರಕನೊಂದಿಗೆ ಆಗದು. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಇದ್ದರೆ ಅವನು ತಯಾರಕನೋ ವ್ಯಾಪಾರಿಯೋ ಎಂದು ಪ್ರಮಾಣಪತ್ರ ನೋಡಿ ತಿಳಿದುಕೊಂಡೇ ಪತ್ರ ಬರೆಯುವುದು ಲೇಸು.

ತಯಾರಕನೊಂದಿಗೆ ಕೇಳಬೇಕಾದ್ದು ಗಡುವು ಅಲ್ಲ, ಇಳಿಸುವ ದಿನ. 45 ದಿನ ಎಣಿಕೆಯಾಗುವುದು ಮಾಲು ಸ್ವೀಕರಿಸಿದ ದಿನದಿಂದ. ಒಟ್ಟು ಪ್ರಮಾಣವನ್ನು ಮೊದಲೇ ಖಚಿತ ಮಾಡಿ, ಮಾಲನ್ನು ಹದಿನೈದು ದಿನಕ್ಕೊಮ್ಮೆ ಸ್ವಲ್ಪಸ್ವಲ್ಪವಾಗಿ ಇಳಿಸಿಕೊಂಡರೆ ಅಂಗಡಿಯಲ್ಲಿ ಸತ್ತು ಬೀಳುವ ರೊಕ್ಕ ಕಡಿಮೆಯಾಗುತ್ತದೆ. ತಯಾರಕನಿಗೂ ಯಾವ ವಾರ ಎಷ್ಟು ಮಿಶ್ರಣ ಮಾಡಬೇಕೆಂದು ಮೊದಲೇ ಗೊತ್ತಿರುತ್ತದೆ. ಸಗಟುಗಾರನ ಮುಂದೆ ತುಂಬಿದ ಗಾಡಿಯ ಮಾತಾಡಿದವರೇ ತಯಾರಕನ ಮುಂದೆ ಸಣ್ಣ ಗಾಡಿಯ ಮಾತಾಡಬೇಕಾಗುತ್ತದೆ. ಇಬ್ಬರ ಖರ್ಚು ಬೇರೆ ಬೇರೆ ಕಡೆ ಇರುವುದರಿಂದ ಇದರಲ್ಲಿ ವಿರೋಧವೇನಿಲ್ಲ.

ಸೋಮವಾರದ ಭೇಟಿಗೆ ಬರೋಣ. ಸಗಟು ವ್ಯಾಪಾರಿಯ ಮೊದಲ ಪ್ರಶ್ನೆ ಬಡ್ಡಿಯದ್ದಾಗಿರುವುದಿಲ್ಲ. ‘ಕಾರ್ಖಾನಿ ತಡಾ ಮಾಡಿದ್ರ?’ ಎಂಬುದೇ ಆಗಿರುತ್ತದೆ. ಇದಕ್ಕೆ ‘ಹಂಗೇನ ಆಗಂಗಿಲ್ರಿ’ ಎಂಬ ಉತ್ತರ ಕೊಟ್ಟರೆ ಪತ್ರದಿಂದ ಗಳಿಸಿದ್ದೆಲ್ಲ ಹೋಯಿತು. ಗುರ್ಲಾಪುರ ಅವನಿಗೂ ಗೊತ್ತು. ತಡವಾದರೆ ಏನು ಮಾಡುವುದು ಎಂಬುದು ಒಪ್ಪಂದದಲ್ಲೇ ಬರಬೇಕು. ನವೆಂಬರ್ 20ರ ಹೊತ್ತಿಗೆ ನುರಿಸುವುದು ಶುರುವಾಗದಿದ್ದರೆ ಅಂಗಡಿಯವರೇ ಮೊದಲು ತಿಳಿಸುವುದು, ಡಿಸೆಂಬರಿನ ಕಂತಿನಲ್ಲಿ ಅರ್ಧವನ್ನಾದರೂ ತಾರೀಖಿಗೆ ಕೊಡುವುದು, ಉಳಿದರ್ಧಕ್ಕೆ ನೂರಕ್ಕೆ ತಿಂಗಳಿಗೆ ಒಂದರಂತೆ ಸೇರಿಸಿ 15 ದಿನದೊಳಗೆ ಮುಗಿಸುವುದು. ಆ 15 ದಿನ ಮೇಲೆ ಹೇಳಿದ 17 ದಿನದೊಳಗೇ ಬೀಳುತ್ತದೆ.

ತನ್ನ ಕಡೆಯಿಂದ ಅವನು ಎರಡು ಮಾತು ಇಡಬಹುದು. ಹೊರಗಿರುವ ಮಾಲಿನ ರೊಕ್ಕ ಯಾವ ದಿನವೂ 14 ಲಕ್ಷ ದಾಟಬಾರದು ಎಂಬುದು ಒಂದು. ಅಂಗಡಿಯವರು ಸೆಪ್ಟೆಂಬರಿನ ಮಾಲಿನಲ್ಲಿ 2.2 ಲಕ್ಷದಷ್ಟನ್ನು ರೋಖಿಗೆ ಎತ್ತಿದರೆ ಅದು ಸರಿಹೋಗುತ್ತದೆ. ಜನವರಿಯ ಕಂತು 6ರಿಂದ 3.8 ಲಕ್ಷಕ್ಕೆ ಇಳಿಯುತ್ತದೆ. ಮಳೆಗಾಲದ ಮಾಲು ವಾಪಸು ತರಬಾರದು ಎಂಬುದು ಇನ್ನೊಂದು. ಇಲ್ಲಿ ಅಂಗಡಿಯವರು ಜಾಗರೂಕರಾಗಿರಬೇಕು. ಮಾರಾಟವಾಗದ ಎಣ್ಣೆ ಡಬ್ಬಿಗಳನ್ನು ಹಂಗಾಮಿನ ಕೊನೆಗೆ ವಾಪಸು ಕೊಡುವ ರೂಢಿ ಈ ವ್ಯಾಪಾರದಲ್ಲಿದೆ, ಅವಧಿ ಮೀರಿದ ಕೀಟನಾಶಕ ಮಾರುವಂತಿಲ್ಲ. ವಾಪಸಿನ ದಾರಿ ಪೂರ್ತಿ ಬಿಟ್ಟುಕೊಟ್ಟರೆ ಉಳಿಸಿದ ಬಡ್ಡಿಯೆಲ್ಲ ಕಪಾಟಿನಲ್ಲಿ ಕೊಳೆಯಬಹುದು. ಪ್ರತಿ ವರ್ಷ ಓಡುವ ನಾಲ್ಕಾರು ಮಾಲಿಗೆ ವಾಪಸಿಲ್ಲ, ಹೊಸದಾಗಿ ಬಂದ ಔಷಧಿಗೆ ಸೆಪ್ಟೆಂಬರ್ ಕೊನೆಯವರೆಗೆ ವಾಪಸಿದೆ ಎಂದು ಹರಿದು ಹಂಚಿಕೊಳ್ಳುವುದು ಇಬ್ಬರಿಗೂ ನಡೆದೀತು.

ಚೆಕ್ಕಿನ ಬಗ್ಗೆ ಒಂದು ಮಾತು. ಮುಂದಿನ ತಾರೀಖಿನ ಚೆಕ್ ಕೊಡುವುದು ಸಗಟು ವ್ಯಾಪಾರಿಗೆ ಧೈರ್ಯ, ಕೊಡುವವರಿಗೆ ಅಪಾಯ. ರೊಕ್ಕವಿಲ್ಲದೆ ಅದು ವಾಪಸಾದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಕ್ರಿಮಿನಲ್ ಮೊಕದ್ದಮೆ ಆಗಬಹುದು. ಆದ್ದರಿಂದ ಚೆಕ್ಕಿನ ಮೊತ್ತ ಆಸೆಯ ಮೊತ್ತ ಆಗಿರಬಾರದು. ಹಿಂದಿನ ಎರಡು ಹಂಗಾಮಿನಲ್ಲಿ ಕಡಿಮೆ ವಸೂಲಿಯಾದ ವರ್ಷ ಆ ತಾರೀಖಿನೊಳಗೆ ಎಷ್ಟು ಬಂದಿತ್ತೋ ಅಷ್ಟೇ ಬರೆಯಬೇಕು. ಕಡಿಮೆ ವರ್ಷದ ಅಂಕಿ ಹಿಡಿದಾಗ ಅಕ್ಟೋಬರಿನ 4.2 ಲಕ್ಷ 3ಕ್ಕೆ ಇಳಿದರೆ 3 ಎಂದೇ ಬರೆದು, ಕೊರತೆಯ 1.2 ಲಕ್ಷದ ಮಾಲನ್ನು ಜುಲೈ ಪಟ್ಟಿಯಿಂದಲೇ ತೆಗೆಯಬೇಕು.

ಒಪ್ಪಂದ ಕೆಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಜನವರಿಯ ತನಕ ಕಾಯಬೇಕಿಲ್ಲ. ಸೆಪ್ಟೆಂಬರಿನ ಉದ್ರಿ ಪಟ್ಟಿಯಲ್ಲಿ, ಈ ಹಂಗಾಮಿಗೆ ಕಾರ್ಖಾನೆಗೆ ಕಳಿಸಲು ಕಬ್ಬೇ ಇಲ್ಲದ, ಹೊಸದಾಗಿ ಆಡಸಾಲಿ ಮಾತ್ರ ನೆಟ್ಟ ರೈತರ ಪಾಲು ಎಷ್ಟು ಎಂದು ಕೂಡಿಸಿದರೆ ಸಾಕು. ಅವರ ರೊಕ್ಕ ಈ ಡಿಸೆಂಬರಿಗೆ ಬರುವುದಲ್ಲ, ಮುಂದಿನದಕ್ಕೆ. ಗಡುವು ಉದ್ದವಾಯಿತೆಂಬ ಹುರುಪಿನಲ್ಲಿ ಅಂಥವರಿಗೆ ಉದ್ರಿ ಬೆಳೆಯುವುದೇ ಈ ವ್ಯವಸ್ಥೆ ಮುರಿಯುವ ಸಾಮಾನ್ಯ ರೀತಿ. ಸಗಟು ವ್ಯಾಪಾರಿಯಿಂದ ಸಿಕ್ಕ ತಾರೀಖು ಅಂಗಡಿಯ ಗಲ್ಲೆಯ ಹಿಂದೆ ಉಳಿಯಬೇಕು. ಅದು ರೈತರ ಕಿವಿಗೆ ಬಿದ್ದರೆ ದೀಪಾವಳಿಗೆ ಕೊಡುವವರೂ ಜನವರಿಗೆ ಸರಿಯುತ್ತಾರೆ, ಅಕ್ಟೋಬರ್ 31ರ ಚೆಕ್ಕಿಗೆ ರೊಕ್ಕ ಇರುವುದಿಲ್ಲ.